ದಾದಾ, ಅಬ್ಬಾ, ನಾವು: ಅಂತರ ಎಷ್ಟು ನಿಜ?

(ಹಲಬರ್ಗಾದಲ್ಲಿ ಜುಮಾ ನಮಾಝ್‌ನ ಬಳಿಕ ಕಾಲೇಜು ವಿದ್ಯಾರ್ಥಿ, ವಿದ್ಯಾರ್ಥಿನಿಯರಿಗಾಗಿ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಪ್ರಿಯ ಮಕ್ಕಳೇ, ನಿಮ್ಮ ಕಾಲೇಜಿನಲ್ಲಿ ಪ್ರಬಂಧ ಬರೆಯಲು ಕೊಟ್ಟ ವಿಷಯವನ್ನು ಹಿಡಿದುಕೊಂಡು ನಿಮ್ಮಲ್ಲಿ ಕೆಲವರು ಕಳೆದ ವಾರ ನನ್ನ ಬಳಿ ಬಂದಿದ್ದಿರಿ. ತಲೆಮಾರಿನ ಅಂತರ ನಿಜವೋ, ಅತಿಶಯೋಕ್ತಿಯೋ ಎಂಬುದು ವಿಷಯ. ಒಬ್ಬ ಹುಡುಗ, "ಸರ್, ಇದರಲ್ಲಿ ಕೇಳೋದೇನಿದೆ? ನಮ್ಮ ಮನೆಗೆ ಬಂದು ಒಂದು ತಾಸು ಕುಂತರೆ ಗೊತ್ತಾಗ್ತದ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಯಾಕೆಂದರೆ ನನ್ನ ಮನೆಯಲ್ಲೂ ಹೀಗೇ ಒಂದು ಜಗಳ ನಡೆದಿತ್ತು, ಅದನ್ನು ಎಲ್ಲರೂ ತಲೆಮಾರಿನ ಅಂತರ ಎಂದೇ ಕರೆದಿದ್ದರು. ಬಿಚ್ಚಿ ನೋಡಿದಾಗ ಅದರೊಳಗೆ ಮೂರು ಬೇರೆ ಬೇರೆ ವಸ್ತುಗಳಿದ್ದವು. ಇಂದು ಅದನ್ನೇ ನಿಮ್ಮ ಮುಂದೆ ಬಿಚ್ಚುತ್ತೇನೆ.

ಮೊದಲು ಅಳತೆಗೋಲು. ಸಮಾಜಶಾಸ್ತ್ರ ಬಲ್ಲವರು ಹಿರಿಯ ಕಿರಿಯರ ವ್ಯತ್ಯಾಸವನ್ನು ಒಂದೇ ಮೂಟೆಯಾಗಿ ಕಟ್ಟುವುದಿಲ್ಲ. ಮೂರು ಭಾಗ ಮಾಡುತ್ತಾರೆ. ಒಂದು, ವಯಸ್ಸಿನಿಂದ ಬರುವ ವ್ಯತ್ಯಾಸ. ಹದಿನೆಂಟರ ಹುಡುಗ ರಾತ್ರಿ ಹನ್ನೆರಡರವರೆಗೆ ಗೆಳೆಯರ ಜೊತೆ ಕೂರುತ್ತಾನೆ, ಎಪ್ಪತ್ತರ ಮುದುಕರು ಇಶಾ ಮುಗಿಸಿ ಮಲಗುತ್ತಾರೆ. ಆ ಮುದುಕರೂ ಹದಿನೆಂಟರಲ್ಲಿ ಹಾಗೇ ಕೂರುತ್ತಿದ್ದರು, ಈ ಹುಡುಗನೂ ಎಪ್ಪತ್ತಕ್ಕೆ ಹಾಗೇ ಮಲಗುತ್ತಾನೆ. ಇದು ಅಂತರವಲ್ಲ, ಒಂದೇ ದಾರಿಯ ಎರಡು ಮೈಲಿಗಲ್ಲು. ಎರಡು, ಕಾಲದಿಂದ ಬರುವ ವ್ಯತ್ಯಾಸ. ಮೊಬೈಲ್ ಬಂತು, ಎಲ್ಲರ ಕೈಗೂ ಬಂತು. ಮೊಮ್ಮಗನಿಗೆ ಬಯ್ಯುವ ದಾದಿಯೇ ಮಧ್ಯಾಹ್ನ ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡುತ್ತಾ ಕೂತಿರುತ್ತಾರೆ. ಇದೂ ತಲೆಮಾರಿನ ಅಂತರವಲ್ಲ, ಮನೆಯವರೆಲ್ಲ ಒಟ್ಟಿಗೇ ಬದಲಾದರು. ಇವೆರಡನ್ನೂ ಕಳೆದ ಮೇಲೆ ಏನಾದರೂ ಉಳಿದರೆ ಅದು ಮೂರನೆಯದು, ನಿಜವಾದ ತಲೆಮಾರಿನ ವ್ಯತ್ಯಾಸ. ಎಳೆಯ ವಯಸ್ಸಿನಲ್ಲಿ ಒಂದು ದೊಡ್ಡ ಘಟನೆಯನ್ನು ಕಂಡವರ ಮನಸ್ಸಿನ ಮೇಲೆ ಒಂದು ಮುದ್ರೆ ಬೀಳುತ್ತದೆ. ಅದನ್ನು ಕಾಣದೆ ಆಮೇಲೆ ಹುಟ್ಟಿದವರಿಗೆ ಆ ಮುದ್ರೆ ಇರುವುದಿಲ್ಲ. ಕಾರ್ಲ್ ಮ್ಯಾನ್‌ಹೈಮ್ ಎಂಬ ಚಿಂತಕರು 1928ರಲ್ಲಿ ಈ ವಿಷಯವಾಗಿ ಬರೆದ ಪ್ರಬಂಧ ಇಂದಿಗೂ ಬುನಾದಿ. ಹುಟ್ಟಿದ ಇಸವಿಯಿಂದಲೇ ತಲೆಮಾರು ಆಗುವುದಿಲ್ಲ, ಕೂಡಿ ಅನುಭವಿಸಿದ ಇತಿಹಾಸದಿಂದ ಆಗುತ್ತದೆ ಎಂಬುದು ಅವರ ವಾದ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮನೆಯಲ್ಲಿ ಭಿನ್ನಾಭಿಪ್ರಾಯ ಬಂದಾಗ ಎರಡು ಪ್ರಶ್ನೆ ಕೇಳಿ. ಅವರು ನನ್ನ ವಯಸ್ಸಿನಲ್ಲಿದ್ದಾಗ ಹೇಗಿದ್ದರು? ಈಗ ಮನೆಯಲ್ಲಿ ಬೇರೆಯವರೂ ಹೀಗೇ ಬದಲಾಗಿದ್ದಾರೆಯೇ? ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ನೀವು ಅಂತರ ಎಂದುಕೊಂಡಿದ್ದರಲ್ಲಿ ಬಹುಪಾಲು ಕರಗಿರುತ್ತದೆ. ಕರಗದೆ ಉಳಿಯುವುದನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ.

ನೀವು ಮೊಬೈಲಿನಲ್ಲಿ ಓದುವ ಬೂಮರ್, ಜೆನ್ ಝೀ ಮುಂತಾದ ಹೆಸರುಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೂಮರ್ ಎಂಬುದು ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಜನನ ಪ್ರಮಾಣ ಏರಿದ 1946ರಿಂದ 1964ರವರೆಗಿನ ಕಾಲದ ಹೆಸರು. ಹಲಬರ್ಗಾಕ್ಕೂ ಅದಕ್ಕೂ ಏನು ಸಂಬಂಧ? ನಮ್ಮ ಬೀದರ್, ಭಾಲ್ಕಿ, ಔರಾದಿನ ಮನೆಗಳನ್ನು ತಲೆಮಾರುಗಳಾಗಿ ಕತ್ತರಿಸಿದ ಇಸವಿಗಳು ಬೇರೆ. ಒಂದು 1948, ಇನ್ನೊಂದು 1956.

ನನ್ನ ಅಬ್ಬಾ ಹುಟ್ಟಿದ್ದು 1938ರಲ್ಲಿ. ಆಗ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಕಚೇರಿ, ಕೋರ್ಟಿನ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದದ್ದೂ ಉರ್ದುವಿನಲ್ಲಿ. ಓದಿದವನು ಎಂದರೆ ಉರ್ದು ಓದಿದವನು ಎಂದೇ ಅರ್ಥ. ಅಬ್ಬಾ ನಾಲ್ಕನೆಯ ಜಮಾತಿನವರೆಗೆ ಉರ್ದು ಕಲಿತರು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು, ಬರಬರುತ್ತಾ ಕಚೇರಿ ಕನ್ನಡವಾಯಿತು. ಅಬ್ಬಾಗೆ ಆಗ ಹದಿನೆಂಟು ವರ್ಷ, ನಿಮ್ಮ ವಯಸ್ಸು. ಅಕ್ಷರ ಬಲ್ಲ ಹುಡುಗ, ಆದರೆ ಅರ್ಜಿ ಬರೆಸಲು ಇನ್ನೊಬ್ಬರ ಮುಂದೆ ನಿಲ್ಲಬೇಕಾಯಿತು. ಅವರು ಏನನ್ನೂ ಮರೆತಿರಲಿಲ್ಲ, ಅಕ್ಷರವೇ ಅವರ ಕೆಳಗಿನಿಂದ ಜಾರಿತ್ತು.

ಅದೇ ವೇಳೆ ಅದೇ ಭಾಲ್ಕಿಯ ಇನ್ನೊಂದು ಮನೆಯನ್ನು ನೋಡಿ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದನ್ನು ಈ ಭಾಗದಲ್ಲಿ ಎಲ್ಲರೂ ಬಲ್ಲಿರಿ. ಅಲ್ಲಿ ಕದ್ದು ಕನ್ನಡ ಕಲಿತ ಹುಡುಗನಿಗೂ ನನ್ನ ಅಬ್ಬಾಗೂ ಒಂದೇ ವಯಸ್ಸು ಇದ್ದಿರಬಹುದು. ಅವನಿಗೆ 1956 ಬಾಗಿಲು ತೆರೆದ ವರ್ಷ, ಅಬ್ಬಾಗೆ ಬಾಗಿಲು ಮುಚ್ಚಿದ ವರ್ಷ. ಇಬ್ಬರೂ ಒಂದೇ ತಲೆಮಾರು, ಆದರೆ ಒಂದೇ ಘಟನೆಯ ಎರಡು ಬದಿಯಲ್ಲಿ ನಿಂತವರು. ಇದನ್ನೂ ಮ್ಯಾನ್‌ಹೈಮ್ ಗುರುತಿಸಿದ್ದರು. ಹಾಗಾಗಿ "ಹಳೇ ಕಾಲದವರೆಲ್ಲ ಹೀಗೇ" ಎಂದು ಪ್ರಬಂಧದಲ್ಲಿ ಬರೆಯಬೇಡಿ. ಯಾವ ಮನೆಯ ಹಳೇ ಕಾಲದವರು ಎಂದು ಕೇಳಬೇಕಾಗುತ್ತದೆ.

ಆಮೇಲೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದೆ, ಕನ್ನಡ ಶಿಕ್ಷಕನಾದೆ. ನನ್ನ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದರು. ಒಂದೇ ಸೂರಿನ ಕೆಳಗೆ ಮೂರು ತಲೆಮಾರು, ಮೂರು ಲಿಪಿ. ಮಾತು ಎಲ್ಲರದೂ ಒಂದೇ ದಖನಿ, ಆದರೆ ಒಬ್ಬರು ಬರೆದಿಟ್ಟದ್ದನ್ನು ಇನ್ನೊಬ್ಬರು ಓದಲಾರರು. ಇದು ನಿಜವಾದ ಅಂತರ, ನಾನು ಅಲ್ಲಗಳೆಯುವುದಿಲ್ಲ.

ಈಗ ಜಗಳಕ್ಕೆ ಬರುತ್ತೇನೆ. 2015ರಲ್ಲಿ ನನ್ನ ಮಗಳಿಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕಿತು. ಸಂವಿಧಾನದ 371ಜೆ ವಿಧಿಯ ಮೀಸಲಾತಿಯಲ್ಲಿ ಸಿಕ್ಕ ಸೀಟು ಅದು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ನಮ್ಮವರಿಗೆ ಎಂಬ ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮನೆಯಲ್ಲಿ ಮಿಠಾಯಿ ಹಂಚಿದರು. ಆದರೆ ಅಬ್ಬಾ ಮಾತ್ರ ಮಿಠಾಯಿ ಮುಟ್ಟಲಿಲ್ಲ. "ಹುಡುಗಿ ರಾತ್ರಿ ರೈಲಿನಾಗ ಅಷ್ಟು ದೂರ ಹೋಗೋದು ಬ್ಯಾಡ" ಅಂದರು, ಅಷ್ಟೇ. ಕಾರಣ ಹೇಳಲಿಲ್ಲ. ಮಗಳು ಅತ್ತಳು. "ದಾದಾಗೆ ಹುಡುಗಿಯರು ಓದೋದೇ ಇಷ್ಟ ಇಲ್ಲ. ಅವರ ಕಾಲ ಮುಗಿದದ" ಅಂದಳು. ಬೀಗರು, ನೆಂಟರು ಎಲ್ಲರೂ ತಲೆಯಾಡಿಸಿ ಜನರೇಶನ್ ಗ್ಯಾಪ್ ಅಂದರು. ನಾನು ನಡುವೆ ನಿಂತು, ಅಬ್ಬಾ ಒಪ್ಪದಿದ್ದರೆ ಏನು ಮಾಡಲಿ ಎಂದು ಸುಮ್ಮನಾದೆ.

ಅಷ್ಟರಲ್ಲಿ ಫೀಸಿನ ಹಣಕ್ಕೆ ಹೊಲದ ಮೇಲೆ ಸಾಲ ಎತ್ತುವ ಮಾತು ಬಂತು. ಪಹಣಿ ತೆಗೆಸಿದರೆ ಹೊಲ ಇನ್ನೂ ನನ್ನ ದಾದಾನ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ತರಬೇಕು. ಅದಕ್ಕೆ ಮರಣ ಪತ್ರ ಬೇಕು, ವಂಶವೃಕ್ಷ ಬೇಕು. ತೊಡಕು ಎಲ್ಲಿತ್ತೆಂದರೆ, ಪಹಣಿಯಲ್ಲಿ ಹೆಸರು ಮೈನೋದ್ದೀನ್ ಎಂದಿತ್ತು, ಮನೆಯವರು ಹೇಳುವ ಹೆಸರು ಮೊಹಿಯುದ್ದೀನ್. ಇವೆರಡೂ ಒಬ್ಬನ ಹೆಸರೇ ಎಂದು ಯಾರು ನಂಬುತ್ತಾರೆ? ಉರ್ದು ಕಾಗದದಿಂದ ಕನ್ನಡಕ್ಕೆ ಬರೆದುಕೊಂಡ ಯಾರೋ ಕಿವಿಗೆ ಬಿದ್ದಂತೆ ಬರೆದಿದ್ದರು. ನಮ್ಮ ಭಾಗದ ಎಷ್ಟೋ ಮನೆಗಳ ಪಹಣಿಯಲ್ಲಿ ಇಂತಹ ತಪ್ಪು ಇಂದಿಗೂ ಕೂತಿದೆ, ನಿಮ್ಮ ಮನೆಯದನ್ನೂ ಒಮ್ಮೆ ನೋಡಿ.

ಆಗ ಅಬ್ಬಾ ಸಂದೂಕಿನಿಂದ ಒಂದು ಹಳೆಯ ಪಟ್ಟೆಯ ಕಾಗದ ತೆಗೆದರು. ಅದು ಉರ್ದುವಿನಲ್ಲಿತ್ತು, ಅದೂ ಕೈಬರಹದ ಓಟದ ಉರ್ದು. ನನಗೆ ಓದಲು ಬರಲಿಲ್ಲ. ಮಗಳು ಮಾತ್ರ ಹತ್ತಿರ ಬಂದು ಕೂತಳು. ಅವಳಿಗೆ ಉರ್ದು ಬಾರದು, ಆದರೆ ಮಕ್ತಬದಲ್ಲಿ ಕುರ್‌ಆನ್ ಓದಲು ಕಲಿತವಳು, ಅಕ್ಷರದ ಗುರುತು ಇತ್ತು. ದಾದಾ ಬೆರಳಿಟ್ಟು ತೋರಿಸಿದರು: "ನೋಡು ಬೇಟಿ, ಮೀಮ್ ಆದ ಮ್ಯಾಲ ಬಡೀ ಹೇ ಅದ. ಮುಈನುದ್ದೀನ್ ಆಗಿದ್ರ ಇಲ್ಲಿ ಐನ್ ಬರಬೇಕಿತ್ತು." ಅವಳು ಹೌದು ಎಂದಳು. ಕನ್ನಡದಲ್ಲಿ ಒಂದರೊಳಗೊಂದು ಕಲೆತುಹೋಗಿದ್ದ ಎರಡು ಹೆಸರು ಆ ಲಿಪಿಯಲ್ಲಿ ಒಂದೇ ನೋಟಕ್ಕೆ ಬೇರೆಯಾದವು.

ಇನ್ನು ತಾರೀಖು. ಕಾಗದದಲ್ಲಿ 1352 ಎಂದಿತ್ತು. ಮಗಳು ಅದನ್ನು ಹಿಜರಿ ಎಂದು ತಿಳಿದು ಮೊಬೈಲಿನಲ್ಲಿ ಹಾಕಿದಳು, 1933 ಎಂದು ಬಂತು. ಅಬ್ಬಾ ನಕ್ಕರು. "ಇದರಾಗ ಬಾವಿಯ ಮಾತು ಅದ. ಬಾವಿ ತೋಡಿದಾಗ ನಾನು ಐದು ವರ್ಷದವ, ದಂಡೀಗೆ ನಿಂತು ನೋಡೀನಿ. 1933ರಾಗ ನಾನು ಹುಟ್ಟೇ ಇರಲಿಲ್ಲ" ಅಂದರು. ನಿಜಾಮರ ಕಂದಾಯ ಕಾಗದಗಳಲ್ಲಿ ಇರುತ್ತಿದ್ದದ್ದು ಫಸಲಿ ಇಸವಿ, ಸುಗ್ಗಿಯ ಲೆಕ್ಕಕ್ಕೆ ಮಾಡಿದ ವರ್ಷ ಅದು. ಅದಕ್ಕೆ 590 ಕೂಡಿಸಬೇಕು. 1352ಕ್ಕೆ 590 ಕೂಡಿಸಿದರೆ 1942. ಆದರೆ ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ, ಆಜರ್ ತಿಂಗಳಿನಿಂದ ಶುರುವಾಗುತ್ತದೆ. ಆ ಕಾಗದದಲ್ಲಿ ಇದ್ದದ್ದು ಏಳನೆಯ ತಿಂಗಳು ಖುರ್ದಾದ್, ಅಂದರೆ ಏಪ್ರಿಲ್ ಸುಮಾರಿಗೆ ಬರುತ್ತದೆ. ಆದ್ದರಿಂದ ಇಸವಿ 1943. ಜನವರಿಯಿಂದ ಮುಂದೆ ಬೀಳುವ ತಾರೀಖಾದರೆ 591 ಕೂಡಿಸಬೇಕು. 1938ರಲ್ಲಿ ಹುಟ್ಟಿದವರಿಗೆ 1943ರಲ್ಲಿ ಐದು ವರ್ಷ. ಮುದುಕರ ನೆನಪು, ಕಾಗದ, ಲೆಕ್ಕ ಮೂರೂ ಕೂಡಿಬಂದವು. ಅಬ್ಬಾ ಓದಿದರು, ಮಗಳು ಬರೆದುಕೊಂಡಳು, ನಾನು ಕನ್ನಡದಲ್ಲಿ ಅರ್ಜಿ ಬರೆದೆ. ಎರಡು ಹೆಸರೂ ಒಬ್ಬರದೇ ಎಂಬ ಪ್ರಮಾಣಪತ್ರ, ಉರ್ದು ಕಾಗದದ ಅನುವಾದ ಎರಡನ್ನೂ ಜೋಡಿಸಿದೆವು. ನೋಟಿಸಿನ ಅವಧಿ ಮುಗಿದು ಖಾತೆ ಆಯಿತು. ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಆ ಕೆಲಸ ಆಗುತ್ತಿರಲಿಲ್ಲ.

ಆ ಕಾಗದ ಓದುತ್ತಾ ಕೂತ ಒಂದು ಸಂಜೆ ಮಗಳು ಕೇಳಿದಳು: "ದಾದಾ, ನಾಲ್ಕನೇ ಜಮಾತಿಗೇ ಯಾಕ ಶಾಲೆ ಬಿಟ್ಟಿರಿ?" ನಾನು ಐವತ್ತು ವರ್ಷ ಅವರ ಜೊತೆ ಬದುಕಿದವನು, ಆ ಪ್ರಶ್ನೆಯನ್ನು ಎಂದೂ ಕೇಳಿರಲಿಲ್ಲ. ಅಬ್ಬಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ 1948ರ ಆ ದಿನಗಳನ್ನು ಹೇಳಿದರು.

ಆ ದಿನಗಳು ಹೇಗಿದ್ದವೆಂದು ಇಲ್ಲಿನ ಹಿರಿಯರಿಗೆ ಗೊತ್ತು. ಮೊದಲು ರಜಾಕಾರರ ಕೈಯಲ್ಲಿ ಹಳ್ಳಿಗಳ ಹಿಂದೂಗಳು ನರಳಿದರು. ಸೆಪ್ಟೆಂಬರ್ 13ರಿಂದ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ಸೇಡು ಬಿತ್ತು. ಕೇಂದ್ರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರನ್ನೂ ಎಣಿಸಿತ್ತು. ಹತ್ತು ವರ್ಷದ ಅಬ್ಬಾ ಮನೆಯವರ ಜೊತೆ ನೆರೆಯ ಲಿಂಗಾಯತ ರೈತರೊಬ್ಬರ ಜೋಳದ ಹೊಲದಲ್ಲಿ ಅಡಗಿದ್ದರು. ಆ ರೈತರ ಮನೆಯಿಂದ ರಾತ್ರಿ ರೊಟ್ಟಿ ಬರುತ್ತಿತ್ತು. ಒಂದು ರಾತ್ರಿ ಊರ ಸುದ್ದಿ ತರುತ್ತೇನೆಂದು ಹೋದ ಅವರ ಚಾಚಾ ಮರಳಿ ಬರಲೇ ಇಲ್ಲ. "ಅಂದಿನಿಂದ ಮನ್ಯಾಗಿನವರು ಯಾರೇ ರಾತ್ರಿ ಹೊರಗ ಹೋದ್ರೂ ನನಗ ನಿದ್ದಿ ಬರಂಗಿಲ್ಲ" ಅಂದರು. ಮಗಳು ಅವರ ಕೈ ಹಿಡಿದುಕೊಂಡಳು. ನಾವು ಹಳೇ ವಿಚಾರ ಎಂದು ಕರೆದದ್ದು ಹತ್ತು ವರ್ಷದ ಹುಡುಗನೊಬ್ಬನ ಭಯವಾಗಿತ್ತು. ಓದು ಬೇಡ ಎಂದು ಅವರು ಒಮ್ಮೆಯೂ ಹೇಳಿರಲಿಲ್ಲ. ರಾತ್ರಿ ಬೇಡ ಎಂದಿದ್ದರು.

ಈಗ ನನ್ನ ತಪ್ಪು ಹೇಳುತ್ತೇನೆ. ಆ ಸಂಜೆ ಅಬ್ಬಾ ಇನ್ನೊಂದು ಮಾತು ಅಂದರು: "ನಿನ್ನ ಅಣ್ಣ ಹೈದರಾಬಾದಿಗೆ ಹೋಗುವಾಗಲೂ ನಾನು ಬ್ಯಾಡ ಅಂದಿದ್ದೆ." ಹೌದು, ಅಂದಿದ್ದರು. ನಾನು ಆಗ ನಕ್ಕು, ಕಾಲ ಬದಲಾಗಿದೆ ಅಬ್ಬಾ ಎಂದು ಹೇಳಿ ಮಗನನ್ನು ಅದೇ ರಾತ್ರಿಯೇ ಬಸ್ಸಿಗೆ ಹತ್ತಿಸಿದ್ದೆ. ಮಗಳ ವಿಷಯದಲ್ಲಿ ಮಾತ್ರ ಅದೇ ಅಬ್ಬಾನ ಮಾತು ನನಗೆ ಅಪ್ಪಣೆಯಾಯಿತು. ಮುದುಕರು ಇಬ್ಬರಿಗೂ ಒಂದೇ ಮಾತು ಹೇಳಿದ್ದರು. ಬೇಕಾದಾಗ ಕೇಳಿ, ಬೇಡವಾದಾಗ ಬಿಟ್ಟವನು ನಾನು, ನಡುವಿನ ತಲೆಮಾರಿನ ಓದಿದ ಮನುಷ್ಯ. ಮಕ್ಕಳೇ, ಇದನ್ನು ಬರೆದಿಟ್ಟುಕೊಳ್ಳಿ. ಮಗನನ್ನು ಕಳುಹಿಸಿ ಮಗಳನ್ನು ತಡೆದರೆ ಅದು ತಲೆಮಾರಿನ ಅಂತರವಲ್ಲ. ಅದು ಅನ್ಯಾಯ. ತಲೆಮಾರಿನ ಅಂತರ ಎಂಬ ಹೆಸರು ಅದಕ್ಕೆ ಹೊದಿಸುವ ಚಾದರ ಮಾತ್ರ. ಯಾವುದು ಯಾವುದೆಂದು ತಿಳಿಯಬೇಕಾದರೆ, ಅದೇ ಹಿರಿಯರು ಮನೆಯ ಇನ್ನೊಬ್ಬರಿಗೆ ಏನು ಹೇಳಿದರು, ಆ ಮಾತನ್ನು ಯಾರು ಪಾಲಿಸಿದರು ಎಂದು ನೋಡಿ.

ಹಾಗಾದರೆ ಉತ್ಪ್ರೇಕ್ಷೆ ಎಲ್ಲಿಂದ ಬರುತ್ತದೆ? ಅಮೆರಿಕದ ವೆರ್ನ್ ಬೆಂಗ್‌ಟ್ಸನ್ ಎಂಬ ಸಮಾಜಶಾಸ್ತ್ರಜ್ಞರು 1971ರಿಂದ ದಕ್ಷಿಣ ಕ್ಯಾಲಿಫೋರ್ನಿಯಾದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಮೂರು ತಲೆಮಾರುಗಳೊಡನೆ ದಶಕಗಳ ಕಾಲ ಹಿಂಬಾಲಿಸಿದರು. ತಂದೆತಾಯಿಯರನ್ನು ಕೇಳಿದರೆ, ನಮಗೂ ಮಕ್ಕಳಿಗೂ ಅಷ್ಟೇನೂ ಭೇದವಿಲ್ಲ ಎನ್ನುತ್ತಿದ್ದರು. ಮಕ್ಕಳನ್ನು ಕೇಳಿದರೆ, ಬಹಳ ಭೇದವಿದೆ ಎನ್ನುತ್ತಿದ್ದರು. ಒಂದೇ ಮನೆ, ಎರಡು ಅಳತೆ. ಅವರು ಕಂಡುಕೊಂಡ ಕಾರಣ ಸರಳ. ಹಿರಿಯರಿಗೆ ತಾವು ಕಟ್ಟಿದ್ದು ಮುಂದುವರಿಯಬೇಕು ಎಂಬ ಆಸೆ, ಹಾಗಾಗಿ ಭೇದವನ್ನು ಕಿರಿದು ಮಾಡಿ ನೋಡುತ್ತಾರೆ. ಮಕ್ಕಳಿಗೆ ತಾವೂ ಒಬ್ಬರು ಎನಿಸಿಕೊಳ್ಳುವ ಆಸೆ, ಹಾಗಾಗಿ ಹಿರಿದು ಮಾಡಿ ನೋಡುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಜವಾದ ಅಳತೆ ನಡುವೆ ಎಲ್ಲೋ ಇರುತ್ತದೆ. ನಿಮ್ಮ ಪ್ರಬಂಧಕ್ಕೆ ಮನೆಯ ಒಬ್ಬರನ್ನೇ ಕೇಳಿ ಬರೆದರೆ ತಕ್ಕಡಿಯ ಒಂದೇ ತಟ್ಟೆ ನೋಡಿದಂತೆ.

ಕುರ್‌ಆನಿನಲ್ಲಿ ಇಬ್ರಾಹೀಮ್ ಅಲೈಹಿಸ್ಸಲಾಮರು ತಂದೆಯೊಡನೆ ಮಾತಾಡುವ ಪ್ರಸಂಗ ನಿಮಗೆ ನೆನಪಿರಬೇಕು, ಸೂರಃ ಮರ್ಯಮ್‌ನಲ್ಲಿದೆ. ವಿಗ್ರಹಾರಾಧನೆಯ ಪ್ರಶ್ನೆ ಅದು, ಅದಕ್ಕಿಂತ ದೊಡ್ಡ ಭಿನ್ನಾಭಿಪ್ರಾಯ ಇನ್ನೇನಿದೆ? ಆದರೂ ನಾಲ್ಕು ವಾಕ್ಯ ಆಡುವಾಗ ನಾಲ್ಕು ಸಲವೂ ಪ್ರೀತಿಯಿಂದ ಅಪ್ಪಾ ಎಂದು ಕರೆದೇ ಶುರುಮಾಡುತ್ತಾರೆ. ಅವರು ತಮ್ಮ ಮಾತನ್ನು ಬಿಟ್ಟುಕೊಡಲಿಲ್ಲ, ತಂದೆಯನ್ನು ಕರೆಯುವ ರೀತಿಯನ್ನೂ ಬಿಡಲಿಲ್ಲ.

ಈಗ ವಿಷಯಕ್ಕೆ ಉತ್ತರ. ತಲೆಮಾರಿನ ಅಂತರ ನಿಜ. ಅದು ಇರುವುದು ನಾವು ಏನನ್ನು ಕಂಡೆವು, ಯಾವ ಲಿಪಿಯಲ್ಲಿ ಓದಿದೆವು ಎಂಬಲ್ಲಿ. ಏನನ್ನು ಬಯಸುತ್ತೇವೆ ಎಂಬಲ್ಲಿ ಅದನ್ನು ಬಹಳ ಉಬ್ಬಿಸಲಾಗಿದೆ. ಅಬ್ಬಾಗೂ ನನ್ನ ಮಗಳಿಗೂ ಬೇಕಾಗಿದ್ದದ್ದು ಒಂದೇ, ಅವಳು ಓದಿ ಸುರಕ್ಷಿತವಾಗಿ ಮನೆಗೆ ಬರಬೇಕು. ಅವಳಿಗೆ ಸೀಟು ಕೊಡಿಸಿದ 371ಜೆ ಇದ್ದದ್ದೇ ಈ ಭಾಗ ಹಿಂದೆ ಉಳಿದಿತ್ತು ಎಂಬ ಕಾರಣಕ್ಕೆ. ಆ ಹಿಂದುಳಿದವರ ಸಾಲಿನಲ್ಲಿ ನಾಲ್ಕನೆಯ ಜಮಾತಿಗೆ ಶಾಲೆ ಬಿಟ್ಟ ಅವಳ ದಾದಾನೂ ಇದ್ದರು. ಅವರ ಕಾಲ ಮುಗಿದಿದೆ ಎಂದವಳ ಕೈಯಲ್ಲಿದ್ದ ಪ್ರವೇಶಪತ್ರ ಅವರ ಕಾಲದ್ದೇ ಬಾಕಿಯಾಗಿತ್ತು.

ಅವಳು ಹೋದಳು. ಹಗಲು ಹೊತ್ತಿನ ಬಸ್ಸಿಗೆ ಹೋದಳು, ಮೊದಲ ಸಲ ನಾನೇ ಜೊತೆಗೆ ಹೋದೆ, ತಲುಪಿದ ಕೂಡಲೇ ದಾದಾಗೆ ಫೋನ್ ಮಾಡಿದಳು. ಎರಡನೆಯ ವರ್ಷ ಅಬ್ಬಾ ತಾವೇ ಹಲಬರ್ಗಾ ಸ್ಟೇಷನ್ನಿಗೆ ಬಂದು ಅವಳನ್ನು ರೈಲಿಗೆ ಹತ್ತಿಸಿದರು. ಅಂದು ರಾತ್ರಿ ಅವರು ಮಲಗಲಿಲ್ಲ, ಆದರೆ ಬೇಡ ಎನ್ನಲೂ ಇಲ್ಲ. ಈಗ ಅವರಿಲ್ಲ. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ.

ಪ್ರಬಂಧ ಬರೆಯುವ ಮೊದಲು ನಿಮ್ಮ ಮನೆಯ ಅತಿ ಹಿರಿಯರ ಬಳಿ ಒಂದು ತಾಸು ಕುಳಿತುಕೊಳ್ಳಿ. ಮೂರೇ ಪ್ರಶ್ನೆ ಕೇಳಿ: ಯಾವ ಭಾಷೆಯಲ್ಲಿ ಓದಿದಿರಿ, ಯಾಕೆ ನಿಲ್ಲಿಸಿದಿರಿ, ನನ್ನ ವಯಸ್ಸಿನಲ್ಲಿ ನಿಮಗೆ ಏನು ಬೇಕಾಗಿತ್ತು. ಸಂದೂಕಿನಲ್ಲಿ ಕಾಗದ ಇದ್ದರೆ ಅವರಿಂದಲೇ ಓದಿಸಿ, ಈಗಲೇ ಬರೆದುಕೊಳ್ಳಿ. ಆ ಲಿಪಿ ಓದಬಲ್ಲವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ.

ವ ಆಖಿರು ದಅವಾನಾ ಅನಿಲ್ ಹಮ್ದು ಲಿಲ್ಲಾಹಿ ರಬ್ಬಿಲ್ ಆಲಮೀನ್.